ಲಾಭವಿದ್ದರೂ ಬೇಡವೆನ್ನಬೇಕಾದ ಯೋಜನೆ

ವಿಜಯಪುರ–ಸೊಲ್ಲಾಪುರ ಹೆದ್ದಾರಿಯ ಮೇಲಿರುವ ಝಳಕಿಯಲ್ಲಿ ಒಂದು ಖಾಸಗಿ ಕಂಪನಿಯು ಒಣದ್ರಾಕ್ಷಿ ವಿಂಗಡಣೆ ಮತ್ತು ಪ್ಯಾಕಿಂಗ್ ಘಟಕ ಹಾಕಲು ಯೋಚಿಸಿದೆ ಎಂದಿಟ್ಟುಕೊಳ್ಳೋಣ. ಅಂಕಿಗಳು ಕೇವಲ ಉದಾಹರಣೆಗಾಗಿ.

ಯಂತ್ರಗಳ ಬೆಲೆ 1 ಕೋಟಿ ರೂಪಾಯಿ, ಬಾಳಿಕೆ 5 ವರ್ಷ. ದಾಸ್ತಾನು ಹಾಗೂ ಉದ್ರಿಗಾಗಿ 10 ಲಕ್ಷ ದುಡಿಯುವ ಬಂಡವಾಳ ಬೇಕು; ಅದು ಐದನೇ ವರ್ಷದ ಕೊನೆಗೆ ಮರಳುತ್ತದೆ. ತೆರಿಗೆ ಕಳೆದು ಪ್ರತಿ ವರ್ಷ ಕೈಗೆ ಬರುವ ನಗದು 26 ಲಕ್ಷ. ಇದರಲ್ಲಿ 20 ಲಕ್ಷ ಸವಕಳಿ ಕಳೆದರೆ ಲೆಕ್ಕಪತ್ರದಲ್ಲಿ ವರ್ಷಕ್ಕೆ 6 ಲಕ್ಷ, ಐದು ವರ್ಷಕ್ಕೆ 30 ಲಕ್ಷ ಲಾಭ ಕಾಣುತ್ತದೆ. ನಿರ್ದೇಶಕರು ಸಂತೋಷಪಡುವುದು ಸಹಜ.

ಆದರೆ ಸವಕಳಿಯು ಹಾಕಿದ ಹಣವನ್ನಷ್ಟೇ ಮರಳಿಸುತ್ತದೆ. ಆ ಹಣ ಕಾದು ಕುಳಿತ ಕಾಲಕ್ಕೆ ಬೆಲೆ ಕಟ್ಟುವುದಿಲ್ಲ. ಮಾಲೀಕರ ಬಂಡವಾಳಕ್ಕೆ ಬಡ್ಡಿಯ ಖರ್ಚು ಖಾತೆಯಲ್ಲಿ ಬರೆಯಲ್ಪಡುವುದಿಲ್ಲ. ಇದೇ ಹಣದಿಂದ ಅಷ್ಟೇ ಅಪಾಯದ ಬೇರೆ ವ್ಯವಹಾರದಲ್ಲಿ ಶೇ. 12 ಗಳಿಸಬಹುದಾದರೆ, ಒಂದು ವರ್ಷದ ನಂತರ ಬರುವ ರೂಪಾಯಿಯ ಇಂದಿನ ಬೆಲೆ ಸುಮಾರು 89 ಪೈಸೆ. ಐದು ವರ್ಷದ ನಂತರದ್ದು 57 ಪೈಸೆ.

ಈ ದರದಲ್ಲಿ ಐದು ವರ್ಷಗಳ ನಗದಿನ ಇಂದಿನ ಬೆಲೆ 93.7 ಲಕ್ಷ, ಮರಳುವ ದುಡಿಯುವ ಬಂಡವಾಳದ್ದು 5.7 ಲಕ್ಷ. ಒಟ್ಟು 99.4 ಲಕ್ಷ. ಇಂದು ಹಾಕುವುದು 110 ಲಕ್ಷ. ನಿವ್ವಳ ಪ್ರಸ್ತುತ ಮೌಲ್ಯ 10.6 ಲಕ್ಷದ ಕೊರತೆ.

ಆದ್ದರಿಂದ ಮಂಡಳಿಗೆ ಸಲ್ಲಿಸುವ ಟಿಪ್ಪಣಿ ಹೀಗಿರಬಹುದು: “ಯೋಜನೆಯು ಲೆಕ್ಕಪತ್ರದ ಲಾಭವನ್ನು ತೋರಿಸುತ್ತದೆಯಾದರೂ ಬಂಡವಾಳದ ಪ್ರತಿಫಲವು ಶೇ. 8ರ ಆಸುಪಾಸಿನಲ್ಲಿದ್ದು, ಅಪೇಕ್ಷಿತ ಶೇ. 12ಕ್ಕಿಂತ ಕಡಿಮೆಯಾಗಿದೆ. ಈಗಿನ ರೂಪದಲ್ಲಿ ತಿರಸ್ಕರಿಸಲು ಶಿಫಾರಸು ಮಾಡಲಾಗಿದೆ. ವಾರ್ಷಿಕ ನಗದು 29 ಲಕ್ಷ ಮುಟ್ಟುವ ಆಧಾರ ದೊರೆತಲ್ಲಿ, ಅಥವಾ ಯಂತ್ರಗಳು ಐದನೇ ವರ್ಷಾಂತ್ಯಕ್ಕೆ ತೆರಿಗೆ ಕಳೆದು ಸುಮಾರು 19 ಲಕ್ಷಕ್ಕೆ ಮಾರಾಟವಾಗುವ ಖಾತ್ರಿ ಇದ್ದಲ್ಲಿ ಪುನಃ ಪರಿಶೀಲಿಸಬಹುದು.”

ಎರಡು ತಪ್ಪುಗಳು ಸಾಮಾನ್ಯ. ಮೊದಲನೆಯದು, ಸಾಲದ ಬಡ್ಡಿಯನ್ನು ನಗದಿನಿಂದಲೂ ಕಳೆದು, ಮತ್ತೆ ಶೇ. 12ರ ದರವನ್ನೂ ಅನ್ವಯಿಸುವುದು. ಆಗ ಬಡ್ಡಿ ಎರಡು ಸಲ ಕಳೆದಂತಾಗಿ ಒಳ್ಳೆಯ ಯೋಜನೆಯೂ ಕೆಟ್ಟದ್ದಾಗಿ ತೋರುತ್ತದೆ. ಎರಡನೆಯದು, ಉದ್ರಿಯಲ್ಲಿ ಸಿಲುಕುವ ಹಣವನ್ನು ಮರೆಯುವುದು. ಮೇಲಿನ ಕೊರತೆಯಲ್ಲಿ 4.3 ಲಕ್ಷ ಆ ಒಂದೇ ಕಾರಣದಿಂದ ಬಂದಿದೆ.

ದರವೇ ನಿರ್ಣಾಯಕವಾದ್ದರಿಂದ ಅದನ್ನು ಹೇಗೆ ಆರಿಸಲಾಯಿತೆಂಬುದನ್ನು ಟಿಪ್ಪಣಿಯಲ್ಲಿ ಬರೆದಿಡಬೇಕು. ಶೇ. 8ಕ್ಕೇ ತೃಪ್ತರಾಗುವ ನಿರ್ದೇಶಕರಿಗೆ ಇದೇ ಯೋಜನೆ ಒಪ್ಪಿಗೆಯಾದೀತು. ಆದರೆ ಆ ನಿರ್ಧಾರವನ್ನು ಅವರು ತಿಳಿದೇ ಮಾಡಬೇಕು. 30 ಲಕ್ಷ ಲಾಭವೆಂಬ ಅಂಕಿಯನ್ನು ನಂಬಿ ಮಾಡಬಾರದು.