ಪುಟ ಬಿಡಿಸುವ ಮುನ್ನ ಬರುವವರನ್ನು ಅರಿಯಿರಿ

ಮೇಜು, ಕುರ್ಚಿ, ವೈಫೈ, ಕಾಫಿ ಎಲ್ಲವನ್ನೂ ಸೇರಿಸಿ ದಿನಕ್ಕೋ ತಿಂಗಳಿಗೋ ಬಾಡಿಗೆಗೆ ಕೊಡುವ ಕೋ-ವರ್ಕಿಂಗ್ ಕಚೇರಿಗಳು ಬೆಂಗಳೂರಿನಲ್ಲಿ ಈಗ ಸಾಮಾನ್ಯ. ಇಂಥ ಜಾಗಕ್ಕೆ ವೆಬ್‌ಸೈಟ್ ಮಾಡಿಸುವಾಗ ಮಾಲೀಕರು ಮೊದಲು ಕೇಳುವುದು, "ಹೋಂ ಪೇಜ್ ಹೇಗಿರುತ್ತೆ, ತೋರಿಸಿ" ಎಂದು. ಬಲ್ಲ ವಿನ್ಯಾಸಕರು ಅದನ್ನು ಮುಂದಕ್ಕೆ ಹಾಕುತ್ತಾರೆ. ಬರುವವರು ಯಾರು, ಯಾವ ಪ್ರಶ್ನೆ ಹೊತ್ತು ಬರುತ್ತಾರೆ ಎಂಬುದು ತಿಳಿಯದೆ ಬಿಡಿಸಿದ ಪುಟದಲ್ಲಿ ಚೆಂದದ ಫೋಟೋಗಳಿರುತ್ತವೆ, ಉತ್ತರಗಳಿರುವುದಿಲ್ಲ.

ಬಳಸುವವರನ್ನು ಪ್ರತಿನಿಧಿಸುವ ಒಂದು ಕಾಲ್ಪನಿಕ ವ್ಯಕ್ತಿಚಿತ್ರಕ್ಕೆ ಪರ್ಸೋನಾ ಎನ್ನುತ್ತಾರೆ. ಅಮೆರಿಕದ ಸಾಫ್ಟ್‌ವೇರ್ ವಿನ್ಯಾಸಕ ಅಲನ್ ಕೂಪರ್ 1999ರಲ್ಲಿ ಬಂದ ತಮ್ಮ ಪುಸ್ತಕದ ಮೂಲಕ ಇದನ್ನು ಪ್ರಚಾರಕ್ಕೆ ತಂದರು. ಎಲ್ಲರಿಗೂ ಒಪ್ಪುವಂತೆ ಮಾಡಲು ಹೊರಟರೆ ಯಾರಿಗೂ ಸರಿಹೋಗದು, ಒಬ್ಬರ ಗುರಿಯನ್ನು ಕಣ್ಣೆದುರಿಗಿಟ್ಟುಕೊಂಡು ಕಟ್ಟಿ ಎಂಬುದು ಅವರ ವಾದ.

ವ್ಯಕ್ತಿ ಕಾಲ್ಪನಿಕವಾದರೂ ಅವರ ಪ್ರಶ್ನೆಗಳು ನಿಜವಾಗಿರಬೇಕು. ಜಯನಗರದಲ್ಲಿ 40 ಆಸನಗಳ ಒಂದು ಜಾಗವಿದೆ ಎಂದುಕೊಳ್ಳೋಣ. ಅಲ್ಲಿ ಮೊದಲು ಮಾತಾಡಿಸಬೇಕಾದದ್ದು ಮಾಲೀಕರನ್ನಲ್ಲ, ರಿಸೆಪ್ಷನ್‌ನಲ್ಲಿ ಕೂರುವವರನ್ನು. ಫೋನಿನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಜನ ಏನು ಕೇಳುತ್ತಾರೆಂದು ಅವರಿಗೆ ಬಾಯಿಪಾಠವಾಗಿರುತ್ತದೆ. ಆಮೇಲೆ ಈಗಿನ ಸದಸ್ಯರಲ್ಲಿ ನಾಲ್ಕೈದು ಮಂದಿಯನ್ನೂ, ಜಾಗ ನೋಡಿಹೋಗಿ ಸೇರದೆ ಉಳಿದ ಒಂದಿಬ್ಬರನ್ನೂ ಮಾತಾಡಿಸಬೇಕು. ಎಲ್ಲಿ ಕೆಲಸ ಕೆಟ್ಟಿತು ಎಂಬುದನ್ನು ಹೇಳಬಲ್ಲವರು ಈ ಕೊನೆಯವರೇ.

ಹೀಗೆ ಕೇಳುತ್ತ ಹೋದರೆ ಮೂವರು ರೂಪು ತಳೆಯುತ್ತಾರೆ. ಮನೆಯಿಂದ ಕೆಲಸ ಮಾಡುವ ರಶ್ಮಿಗೆ ವಾರಕ್ಕೆರಡು ದಿನ ಸದ್ದಿಲ್ಲದ ಜಾಗ ಬೇಕು. ಆರು ಜನರ ಸಣ್ಣ ಕಂಪನಿಯ ಇಮ್ರಾನ್‌ಗೆ ಬೀಗ ಹಾಕಬಹುದಾದ ಕ್ಯಾಬಿನ್ ಬೇಕು. ಜತೆಗೆ ಆ ವಿಳಾಸದಲ್ಲಿ ಜಿಎಸ್‌ಟಿ ನೋಂದಣಿ ಮಾಡಿಸಲು ಒಪ್ಪಂದ ಪತ್ರ, ಕರೆಂಟ್ ಬಿಲ್, ಒಪ್ಪಿಗೆ ಪತ್ರ ಸಿಗುತ್ತವೆಯೇ ಎಂಬ ಚಿಂತೆ. ಮೂರನೆಯವರು ಗೀತಾ. ಬೇರೊಂದು ಕಚೇರಿಯ ಆಡಳಿತ ನೋಡಿಕೊಳ್ಳುವ ಅವರಿಗೆ ನಾಳೆ ಮೂರು ಗಂಟೆ ಮೀಟಿಂಗ್ ರೂಮ್ ಸಿಕ್ಕರೆ ಸಾಕು. ಇವರ ವಯಸ್ಸು, ಹವ್ಯಾಸ ಬರೆಯುವ ಅಗತ್ಯವಿಲ್ಲ. ಯಾವ ವಿವರ ತೆಗೆದುಹಾಕಿದರೂ ವೆಬ್‌ಸೈಟ್ ಬದಲಾಗುವುದಿಲ್ಲವೋ ಆ ವಿವರ ಬೇಡ.

ಮುಂದಿನದು ಪಯಣದ ನಕ್ಷೆ. ರಶ್ಮಿಯದನ್ನೇ ನೋಡೋಣ. ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ, ಮನೆಗೆ ಹತ್ತಿರ ಏನಿದೆ ಎಂದು ಹುಡುಕುತ್ತಾರೆ. ಗೂಗಲ್ ಮ್ಯಾಪಿನಿಂದ ವೆಬ್‌ಸೈಟಿಗೆ ಬಂದವರ ಮೊದಲ ಪ್ರಶ್ನೆ, ದಿನಕ್ಕೆ ಎಷ್ಟು? "ದರಕ್ಕಾಗಿ ಸಂಪರ್ಕಿಸಿ" ಎಂದಿದ್ದರೆ ಆ ಹೊತ್ತಿನಲ್ಲಿ ಫೋನು ಮಾಡುವಂತಿಲ್ಲ, ಪಕ್ಕದ ಜಾಗ ನೋಡಲು ಹೊರಡುತ್ತಾರೆ. ದರ ಒಪ್ಪಿಗೆಯಾದರೆ ಎರಡನೆಯ ಪ್ರಶ್ನೆ: ಕಾಲ್ ಬಂದಾಗ ಎದ್ದುಹೋಗಿ ಮಾತಾಡಲು ಪ್ರತ್ಯೇಕ ಬೂತ್ ಇದೆಯೇ, ಕರೆಂಟ್ ಹೋದರೆ ಇಂಟರ್‌ನೆಟ್ ನಿಲ್ಲುತ್ತದೆಯೇ? ಸೇರುವ ಮುನ್ನ ಒಂದು ದಿನ ಕೂತು ನೋಡುವ ಆಸೆ ಮೂರನೆಯದು. ಬೆಳಿಗ್ಗೆ ಹೊರಟಾಗ ಸ್ಕೂಟರ್ ಎಲ್ಲಿ ನಿಲ್ಲಿಸಬೇಕು, ಎಷ್ಟನೇ ಮಹಡಿ, ಬಾಗಿಲು ಎಷ್ಟಕ್ಕೆ ತೆರೆಯುತ್ತದೆ ಎಂಬುದೂ ತಿಳಿದಿರಬೇಕು.

ಪ್ರತಿ ಹಂತದ ಎದುರು ಮೂರು ಸಂಗತಿ ಬರೆಯಿರಿ: ಅವರು ಏನು ಮಾಡುತ್ತಾರೆ, ಏನು ಕೇಳಿಕೊಳ್ಳುತ್ತಾರೆ, ಎಲ್ಲಿ ತಡೆಯುತ್ತದೆ. ಪುಟಗಳ ಪಟ್ಟಿ ಇಲ್ಲಿಂದ ತಾನಾಗಿ ಹೊರಡುತ್ತದೆ. ರಶ್ಮಿಗಾಗಿ ದರವೂ ಡೇ ಪಾಸ್ ಬುಕಿಂಗ್ ಗುಂಡಿಯೂ ಮೊಬೈಲ್ ಪರದೆಯ ಮೇಲ್ಭಾಗಕ್ಕೆ ಬರುತ್ತವೆ. ಇಮ್ರಾನ್‌ಗಾಗಿ ಕ್ಯಾಬಿನ್ ಪುಟದಲ್ಲಿ ದಾಖಲೆಗಳ ಪಟ್ಟಿ, ಜಾಗ ನೋಡಲು ಸಮಯ ಗೊತ್ತುಮಾಡುವ ಫಾರ್ಮ್. ಗೀತಾಗೆ ಖಾಲಿ ಇರುವ ವೇಳೆ ತೋರಿಸುವ ಕ್ಯಾಲೆಂಡರ್, ಬಿಲ್ಲಿನಲ್ಲಿ ತಮ್ಮ ಕಂಪನಿಯ ಜಿಎಸ್‌ಟಿ ಸಂಖ್ಯೆ ಬರುವ ಏರ್ಪಾಡು. ಯಾವ ಪಯಣದಲ್ಲೂ ಕಾಣಿಸದ ಪುಟವನ್ನು ಸದ್ಯಕ್ಕೆ ಕೈಬಿಡಬಹುದು.

ನಕ್ಷೆ ವೆಬ್‌ಸೈಟಿನ ಹೊರಗಿನ ತೊಡಕನ್ನೂ ಬಯಲಿಗೆಳೆಯುತ್ತದೆ. ಇಮ್ರಾನ್ ಫಾರ್ಮ್ ತುಂಬಿದರು, ಅದು ಯಾರಿಗೆ ಹೋಯಿತು, ಎಷ್ಟು ಹೊತ್ತಿನೊಳಗೆ ಉತ್ತರ ಬರುತ್ತದೆ? ಇದಕ್ಕೆ ಜವಾಬ್ದಾರರಿಲ್ಲದಿದ್ದರೆ ಎಷ್ಟು ಒಳ್ಳೆಯ ಪುಟವೂ ಅಲ್ಲಿಗೇ ನಿಲ್ಲುತ್ತದೆ.

ಇದಕ್ಕೊಂದು ಮಿತಿಯಿದೆ. ಏಳೆಂಟು ಜನರ ಮಾತಿನಿಂದ ಹುಟ್ಟಿದ್ದು ಊಹೆಯೇ. ಯಾವ ಮಾತು ಕೇಳಿದ್ದು, ಯಾವುದು ನಮ್ಮ ಅಂದಾಜು ಎಂದು ಗುರುತು ಹಾಕಿಡಬೇಕು. ವೆಬ್‌ಸೈಟ್ ಶುರುವಾದ ಮೇಲೂ ಬರುವ ಫೋನು ಕರೆಗಳೇ ಪರೀಕ್ಷೆ. "ದಿನಕ್ಕೆ ಎಷ್ಟು?" ಎಂಬ ಕರೆ ಕಡಿಮೆಯಾಗದಿದ್ದರೆ ಉತ್ತರ ಕಣ್ಣಿಗೆ ಬೀಳುವಲ್ಲಿ ಇಲ್ಲವೆಂದೇ ಅರ್ಥ.

ಕೋ-ವರ್ಕಿಂಗ್ ಜಾಗ ನಡೆಸುವವರು ವಿನ್ಯಾಸಕ್ಕೆ ಹಣ ಕೊಡುವ ಮುನ್ನ ಕಳೆದ ತಿಂಗಳು ಬಂದ ವಿಚಾರಣೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಿ, ವಿನ್ಯಾಸಕರ ಕೈಗೆ ಮೊದಲು ಅದನ್ನು ಕೊಡಿ.