ಮ್ಯೂ ಅಕ್ಷರದ ಬಾಲ

ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದ ಬೀರುವಿನಲ್ಲಿ ಹಳೆಯ ರೆಕಾರ್ಡ್ ಪುಸ್ತಕಗಳಿದ್ದವು. ಅವುಗಳ ಕೋಷ್ಟಕಗಳನ್ನು ಕಂಪ್ಯೂಟರಿಗೆ ಏರಿಸುವಾಗ ಜರ್ಮೇನಿಯಂ ಡಯೋಡಿನ ಪ್ರಯೋಗವೊಂದು ನನ್ನನ್ನು ಎರಡು ದಿನ ಕಾಡಿತು.

ಆ ವಿದ್ಯಾರ್ಥಿ ಗ್ರಾಫ್ ಹಾಳೆಯ ಮೇಲೆಯೇ ಪೆನ್ಸಿಲಿನಿಂದ ಎರಡು ಕೋಷ್ಟಕ ಬರೆದು, ಕೆಳಗೆ ವಕ್ರರೇಖೆ ಎಳೆದು, ಹಾಳೆಯನ್ನು ಎಡಪುಟಕ್ಕೆ ಅಂಟಿಸಿದ್ದ. ನಾನು ಎರಡನ್ನೂ ಒಂದೇ ಪಟ್ಟಿಗೆ ಸೇರಿಸಿ, ವಿದ್ಯುತ್ಪ್ರವಾಹದ ಕಾಲಮ್ಮಿನ ನೆತ್ತಿಗೆ mA ಎಂದು ಹಾಕಿದ್ದೆ. ಫಾರ್ವರ್ಡ್ ಬಯಾಸ್‌ನಲ್ಲಿ 0.3 ವೋಲ್ಟಿಗೆ 4. ರಿವರ್ಸ್‌ನಲ್ಲಿ 2 ವೋಲ್ಟಿಗೆ 8, 10 ವೋಲ್ಟಿಗೆ 16. ಪ್ರವಾಹವನ್ನು ತಡೆಯಬೇಕಾದ ದಿಕ್ಕಿನಲ್ಲೇ ಡಯೋಡು ಹೆಚ್ಚು ಹರಿಸುತ್ತಿದೆ! ಡಯೋಡು ಸುಟ್ಟಿರಬೇಕು ಎಂದುಕೊಂಡೆ. ಆದರೆ ಸುಟ್ಟು ಶಾರ್ಟ್ ಆದ ಡಯೋಡಾದರೆ ಎರಡೂ ದಿಕ್ಕಿನಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಹರಿಸಬೇಕು. ಇಲ್ಲಿ ಫಾರ್ವರ್ಡ್ ರೇಖೆ ಆರೋಗ್ಯವಾಗಿಯೇ ಬಾಗಿತ್ತು.

ನಮ್ಮ ಅಟೆಂಡರು ಪುಸ್ತಕ ನೋಡಿ, "ಮೇಡಂ, ಬಲಗಡೆ ಪುಟದಲ್ಲಿ ಯಾವ ಮೀಟರ್ ಅಂತ ಬರೆದಿರ್ತಾರಲ್ಲ" ಎಂದರು. ಬಲಪುಟ ಇಂಕಿನದು, ಮಾಸಿರಲಿಲ್ಲ. ಉಪಕರಣಗಳ ಸಾಲಿನಲ್ಲಿ ಮಿಲಿಆಮೀಟರಿನ ಪಕ್ಕದಲ್ಲೇ 0–50 ಮೈಕ್ರೋಆಮೀಟರೂ ಇತ್ತು. ಗ್ರಾಫಿನ ಮೂಲೆಯ ಸ್ಕೇಲ್ ಓದಿದೆ: ಮೇಲಕ್ಕೆ 1 ಸೆಂ.ಮೀ. ಅಂದರೆ 1 ಮಿಲಿಆಂಪಿಯರ್, ಕೆಳಕ್ಕೆ 1 ಸೆಂ.ಮೀ. ಅಂದರೆ 5 ಮೈಕ್ರೋಆಂಪಿಯರ್. ಕೊನೆಯ ಬಿಂದು ಅಕ್ಷದಿಂದ 3.2 ಸೆಂ.ಮೀ. ಕೆಳಗಿತ್ತು. ಐದರಿಂದ ಗುಣಿಸಿದರೆ ಸರಿಯಾಗಿ 16.

ಕೋಷ್ಟಕದ ಮೇಲೆ ಟಾರ್ಚನ್ನು ಅಡ್ಡಲಾಗಿ ಹಿಡಿದೆವು. ಸೀಸ ಉಜ್ಜಿಹೋಗಿದ್ದರೂ ಪೆನ್ಸಿಲ್ ಒತ್ತಿದ ಗೀರು ಕಾಗದದಲ್ಲಿ ಉಳಿದಿರುತ್ತದೆ. ನಾನು m ಎಂದು ಓದಿದ್ದ ಅಕ್ಷರಕ್ಕೆ ಎಡಗಡೆ ಕೆಳಗಿಳಿದ ಬಾಲ ಕಂಡಿತು. ಅದು µ. ಸಾವಿರ ಪಟ್ಟು ತಪ್ಪನ್ನು ಆ ಬಾಲ ಹಿಡಿದುಕೊಂಡು ಕುಳಿತಿತ್ತು.

ತಪ್ಪು ಓದಿದ್ದಕ್ಕಿಂತ ನನಗೆ ನೋವಾದದ್ದು ಬೇರೆ: ನಾನು ಮಾಡಿದ ಪಟ್ಟಿಯಲ್ಲಿ µ ಇಡಲು ಜಾಗವೇ ಇರಲಿಲ್ಲ. ಇಡೀ ಕಾಲಮ್ಮಿಗೆ ಒಂದೇ ಏಕಮಾನ. ಹಾಗಾಗಿ ಪ್ರತಿ ಅಳತೆಗೂ ಒಂದು ಸಾಲು ಕೊಟ್ಟು, ಏಕಮಾನವನ್ನು ಆ ಸಾಲಿನೊಳಗೇ ಇಟ್ಟೆ.

```
table,row,quantity,value,unit
1,3,I_F,4.0,mA
2,5,V_R,10.0,V
2,5,I_R,16,µA
```

4.0 ಎಂಬುದನ್ನು 4 ಮಾಡದಂತೆ value ಕಾಲಮ್ಮನ್ನು ಪಠ್ಯವಾಗಿ ಇಡಬೇಕಾಯಿತು. ಸ್ಪ್ರೆಡ್‌ಶೀಟ್ ಆ ಸೊನ್ನೆ ನುಂಗಿದರೆ ಮುಳ್ಳನ್ನು ಎಷ್ಟು ಸೂಕ್ಷ್ಮವಾಗಿ ಓದಿದ್ದರು ಎಂಬ ಗುರುತೂ ಹೋಗುತ್ತದೆ. ಮೊದಲ ಸಾಲಿನ ಕೆಳಗೆ ವಿದ್ಯಾರ್ಥಿಗಳು ಹಾಕುವ ಅದೇ-ಅದೇ ಗುರುತುಗಳನ್ನೂ ಏಕಮಾನವಾಗಿ ಬಿಡಿಸಿ ಬರೆದೆ.

ಇನ್ನೊಂದು ಪುಸ್ತಕದಲ್ಲಿ ಗ್ರಾಫ್ ಹಾಳೆ ಕಿತ್ತುಹೋಗಿತ್ತು, ಬಲಪುಟದಲ್ಲಿ ಬರೀ "ಮೀಟರ್‌ಗಳು" ಎಂದಿತ್ತು. ಅದರ ಹನ್ನೊಂದು ಸಾಲುಗಳ ಏಕಮಾನದ ಜಾಗದಲ್ಲಿ ಇವತ್ತಿಗೂ ಪ್ರಶ್ನಾರ್ಥಕ ಚಿಹ್ನೆಯಿದೆ.