ಲಾಲ್‌ಬಾಗ್ ಬಂಡೆಯೂ ರಾಮನಗರದ ಬೆಟ್ಟವೂ ಒಂದೇ ಕಲ್ಲೇ?

ಶಿಲಾಚಕ್ರದ ಚಿತ್ರ ಬರೆಯಿರಿ ಎಂದರೆ ಮಕ್ಕಳು ಹೆಚ್ಚಾಗಿ ಮೂರು ಚೌಕ, ಮೂರು ಬಾಣ ಹಾಕುತ್ತಾರೆ. ಅಗ್ನಿಶಿಲೆಯಿಂದ ಪದರುಶಿಲೆ, ಅದರಿಂದ ರೂಪಾಂತರ ಶಿಲೆ, ಅಲ್ಲಿಂದ ಮತ್ತೆ ಅಗ್ನಿಶಿಲೆ. ಗಾಣದೆತ್ತು ಸುತ್ತಿದ ಹಾಗೆ ಒಂದೇ ದಿಕ್ಕು. ಕಲ್ಲು ಹಾಗೆ ಸುತ್ತುವುದಿಲ್ಲ. ಯಾವ ಕಲ್ಲು ಬೇಕಾದರೂ ಇನ್ಯಾವ ಕಲ್ಲಾದರೂ ಆಗಬಹುದು. ಹಾಗಾಗಿ ಚೌಕಕ್ಕಿಂತ ಬಾಣವೇ ಮುಖ್ಯ, ಬಾಣದ ಮೇಲೆ ಏನು ನಡೆಯಿತೆಂದು ಬರೆಯುವುದು ಅದಕ್ಕಿಂತ ಮುಖ್ಯ. ಪರೀಕ್ಷೆಗೆ ಓದುವವರು ನಮ್ಮ ಸುತ್ತಲಿನ ಬಂಡೆಗಳನ್ನೇ ಇಟ್ಟುಕೊಂಡು ನಾಲ್ಕು ಪ್ರಶ್ನೆ ಬಿಡಿಸಿ ನೋಡಬಹುದು.

ಗ್ರಾನೈಟ್ ಮರಳುಗಲ್ಲಾಗುವುದು ಹೇಗೆ?

ರಾಮನಗರದ ಬೆಟ್ಟಗಳು ಗ್ರಾನೈಟ್. ಊರಿನ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಆ ಕಲ್ಲಿಗೆ ಕ್ಲೋಸ್‌ಪೇಟ್ ಗ್ರಾನೈಟ್ ಎಂಬ ಹೆಸರು ಬಂದಿದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಶಿಲಾಪಾಕ ನಿಧಾನವಾಗಿ ಆರಿದ್ದರಿಂದ ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ದಪ್ಪವಾಗಿ ಬೆಳೆದಿವೆ. ಈಗ ಬೆಟ್ಟ ಬಿಸಿಲು ಮಳೆಗೆ ಒಡ್ಡಿಕೊಂಡಿದೆ. ಅದರ ಗುಲಾಬಿ ಬಣ್ಣದ ಫೆಲ್ಡ್‌ಸ್ಪಾರ್ ನೀರಿನೊಡನೆ ಸೇರಿ ಮೆಲ್ಲಗೆ ಜೇಡಿಯಾಗುತ್ತದೆ. ಬೆಣಚು ಮಾತ್ರ ಜಗ್ಗುವುದಿಲ್ಲ. ಕಾಳುಕಾಳಾಗಿ ಉದುರಿ ಮರಳಾಗುತ್ತದೆ. ಇದು ಶಿಥಿಲೀಕರಣ.

ಆ ಮರಳನ್ನು ಅರ್ಕಾವತಿ ಹೊತ್ತು ಸಂಗಮದಲ್ಲಿ ಕಾವೇರಿಗೆ ಒಪ್ಪಿಸುತ್ತದೆ. ಕಾವೇರಿ ಅದನ್ನು ಬಂಗಾಳ ಕೊಲ್ಲಿಯ ಕಡೆಗೆ ಒಯ್ಯಬೇಕು. (ಈಗ ಬಹುಪಾಲು ಮೆಟ್ಟೂರು ಅಣೆಕಟ್ಟೆಯ ಹಿಂದೆಯೇ ಕುಳಿತುಬಿಡುತ್ತದೆ, ಪಠ್ಯಪುಸ್ತಕದ ಬಾಣಕ್ಕೆ ಅಣೆಕಟ್ಟೆಯ ಕಾಟವಿಲ್ಲ.) ಮರಳು ತಂಗಿದಲ್ಲಿ ಮೇಲಿಂದ ಮೇಲೆ ಪದರ ಬಿದ್ದು, ಭಾರಕ್ಕೆ ಒತ್ತಿಕೊಂಡು, ಕಾಳುಗಳ ಸಂದಿಗೆ ಸಿಲಿಕ, ಸುಣ್ಣ ಅಥವಾ ಕಬ್ಬಿಣದ ಅಂಶ ಸಿಮೆಂಟಿನಂತೆ ಕೂತರೆ ಅದು ಮರಳುಗಲ್ಲು. ಉತ್ತರದಲ್ಲಿ ಹಲವರು ಬಿಡುವುದು ಈ ಕೊನೆಯ ಹೆಜ್ಜೆಯನ್ನೇ. ಬೆಸುಗೆ ಆಗದಿದ್ದರೆ ಅದು ಬರೀ ಮರಳು, ಕಲ್ಲಲ್ಲ.

ಹೀಗೆ ಹುಟ್ಟಿದ ಮರಳುಗಲ್ಲು ಮುಂದೆ ರೂಪಾಂತರ ಹೊಂದಲೇಬೇಕೆಂದೇನಿಲ್ಲ. ಬಾದಾಮಿಯ ಕೆಂಪು ಮರಳುಗಲ್ಲು ಮತ್ತೆ ಉದುರಿ ಮಲಪ್ರಭೆಯ ಕಡೆಗೆ ಹರಿಯುತ್ತಿದೆ. ಪದರುಶಿಲೆಯಿಂದ ಹೊರಟ ಬಾಣ ಮತ್ತೆ ಪದರುಶಿಲೆಗೇ ಬರಬಹುದು.

ಗ್ರಾನೈಟ್‌ಗೂ ನೈಸ್‌ಗೂ ಏನು ವ್ಯತ್ಯಾಸ?

ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ ನೈಸ್, ಅಂದರೆ ರೂಪಾಂತರ ಶಿಲೆ. ವಯಸ್ಸು ಸುಮಾರು 300 ಕೋಟಿ ವರ್ಷ. ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರ ಎರಡು ಕಲ್ಲಿನಲ್ಲೂ ಇವೆ. ಹಾಗಾಗಿ ಖನಿಜಗಳ ಪಟ್ಟಿ ಬರೆದರೆ ಉತ್ತರವಾಗುವುದಿಲ್ಲ, ಜೋಡಣೆ ನೋಡಬೇಕು. ಗ್ರಾನೈಟಿನಲ್ಲಿ ಹರಳುಗಳು ಚುರುಮುರಿಯಂತೆ ಕಲೆತಿರುತ್ತವೆ. ನೈಸಿನಲ್ಲಿ ಒತ್ತಡಕ್ಕೆ ಸಿಕ್ಕು ಬಿಳಿಯದೊಂದು, ಕಪ್ಪಿನದೊಂದು ಪಟ್ಟೆಯಾಗಿ ಬೇರ್ಪಟ್ಟಿರುತ್ತವೆ. ಈ ಪಟ್ಟೆಯನ್ನು ಪದರವೆಂದು ತಿಳಿದು ಪದರುಶಿಲೆ ಎಂದು ಬರೆದವರಿದ್ದಾರೆ. ಮರಳುಗಲ್ಲಿನ ಪದರದಲ್ಲಿರುವುದು ಅಂಟಿಸಿದ ಕಾಳು. ನೈಸಿನ ಪಟ್ಟೆಯಲ್ಲಿರುವುದು ಒಂದಕ್ಕೊಂದು ಹೆಣೆದುಕೊಂಡ ಹರಳು.

ರೂಪಾಂತರ ಎಂದರೆ ಕರಗುವುದೇ?

ಅಲ್ಲ. ಅಂಕ ಅತಿ ಹೆಚ್ಚು ಜಾರುವ ಜಾಗ ಇದು. ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ಒತ್ತಡವೂ ಸೇರಿದಾಗ, ಕಲ್ಲು ಗಟ್ಟಿಯಾಗಿದ್ದೇ ಒಳಗಿನ ಹರಳು ಬದಲಿಸಿಕೊಳ್ಳುತ್ತದೆ. ಸುಣ್ಣದ ಕಲ್ಲು ಅಮೃತಶಿಲೆಯಾಗುವುದು ಹೀಗೆ. ನೀರಿನಂಶವಿರುವ ಗ್ರಾನೈಟ್ ಜಾತಿಯ ಕಲ್ಲು ನೆಲದಾಳದಲ್ಲಿ 650-700 ಡಿಗ್ರಿಯ ಆಸುಪಾಸಿನಲ್ಲಿ ಕರಗತೊಡಗುತ್ತದೆ. ಕರಗಿ ಆರಿತೆಂದರೆ ಅದು ಅಗ್ನಿಶಿಲೆ.

ರಾಮನಗರದ ಕಡೆಯ ಗ್ರಾನೈಟಿನೊಳಗೆ ಅಲ್ಲಲ್ಲಿ ಹಳೆಯ ನೈಸಿನ ತುಂಡುಗಳು ಸಿಕ್ಕಿಕೊಂಡಿವೆ. ಪೂರ್ತಿ ಕರಗದೆ ಉಳಿದವು. ಯಾವುದು ಹಳೆಯದು ಎಂದು ಕೇಳಿದರೆ ಒಳಗಿನ ತುಂಡೇ ಹಳೆಯದು, ಅದನ್ನು ಸುತ್ತುವರಿದ ಗ್ರಾನೈಟ್ ಹೊಸದು. ಇಲ್ಲಿ ಬಾಣ ರೂಪಾಂತರ ಶಿಲೆಯಿಂದ ಅಗ್ನಿಶಿಲೆಯ ಕಡೆಗಿದೆ.

ಒಂದೇ ಬಂಡೆಯಲ್ಲಿ ಮೂರೂ ಕಥೆ ಕಾಣಬಹುದೇ?

ಚಿತ್ರದುರ್ಗ ಜಿಲ್ಲೆಯ ತಾಳ್ಯದ ಬಳಿ ಬೆಣಚುಗಲ್ಲು, ಗ್ರಾನೈಟ್, ನೈಸ್‌ಗಳ ಉಂಡೆಗಳು ತುಂಬಿದ ಬಂಡೆಯಿದೆ. ಗ್ರಾನೈಟಿನ ಉಂಡೆ ಮೊದಲು ಅಗ್ನಿಶಿಲೆಯ ಭಾಗವಾಗಿತ್ತು. ಮುರಿದು, ಸಾಗಿ ಬಂದು, ಹೂಳಿನಲ್ಲಿ ಬೆಸೆದು ಪದರುಶಿಲೆಯ ಭಾಗವಾಯಿತು. ಆಮೇಲೆ ಇಡೀ ಬಂಡೆ ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿತು. ಅದರ ಗುಂಪು ಯಾವುದೆಂದು ಕೇಳಿದರೆ ಉಂಡೆಯ ಹುಟ್ಟನ್ನು ನೋಡಬೇಡಿ, ಬಂಡೆಗೆ ಕೊನೆಯದಾಗಿ ಏನಾಯಿತೆಂದು ನೋಡಿ: ರೂಪಾಂತರ ಶಿಲೆ ಎಂದು ಬರೆಯಿರಿ.